ನಿಮ್ಮ ಧ್ಯೇಯವಾಕ್ಯ ಬರೆಯುವುದು ಹೇಗೆ, ದಿನದ ಆಯ್ಕೆಗಳಲ್ಲಿ ಅದನ್ನು ಪರೀಕ್ಷಿಸುವುದು ಹೇಗೆ

"ಪ್ರಾಮಾಣಿಕವಾಗಿ, ಪ್ರೀತಿಯಿಂದ, ಸದಾ ಕಲಿಯುತ್ತಾ ಬದುಕುತ್ತೇನೆ." ಇಂಥದೊಂದು ವಾಕ್ಯವನ್ನು ಡೈರಿಯ ಮೊದಲ ಪುಟದಲ್ಲಿ ಬರೆದಿಟ್ಟವರು ತುಂಬಾ ಜನ ಇದ್ದಾರೆ. ಓದಲು ಚೆನ್ನಾಗಿದೆ. ಆದರೆ ನಾಳೆ ಸಂಜೆ ಆರೂವರೆಗೆ, ನೀವು ಬ್ಯಾಗ್ ಎತ್ತಿಕೊಳ್ಳುವ ಹೊತ್ತಿಗೆ, ಮ್ಯಾನೇಜರ್ ಬಂದು "ಇನ್ನೊಂದು ಗಂಟೆ ಇರ್ತೀರಾ?" ಅಂತ ಕೇಳಿದರೆ ಈ ವಾಕ್ಯ ಏನು ಹೇಳುತ್ತದೆ? ಏನೂ ಇಲ್ಲ. ಉಳಿದರೂ ಸರಿ, ಹೊರಟರೂ ಸರಿ. ಎರಡಕ್ಕೂ ತಲೆಯಾಡಿಸುವ ವಾಕ್ಯದಿಂದ ಏನು ಪ್ರಯೋಜನ?

ಹಾಗಾಗಿ ಈ ಲೇಖನದಲ್ಲಿ ನಾನು ಹಿಡಿದಿರುವುದು ಒಂದೇ ಅಳತೆಗೋಲು. ನಿಮ್ಮ ಧ್ಯೇಯವಾಕ್ಯವನ್ನು ನೀವು ಮುರಿಯಲು ಸಾಧ್ಯವಾಗಬೇಕು. "ಇವತ್ತು ನಾನು ಇದರಂತೆ ನಡೆಯಲಿಲ್ಲ" ಅಂತ ಬೆರಳಿಟ್ಟು ತೋರಿಸಲು ಆಗುವಷ್ಟು ಅದು ಸ್ಪಷ್ಟವಾಗಿರಬೇಕು. ಅಷ್ಟಾದರೆ ಪರೀಕ್ಷಿಸುವುದು ಸುಲಭ. ಇಲ್ಲದಿದ್ದರೆ ಎಷ್ಟು ಡೈರಿ ಬರೆದರೂ ಏನೂ ಗೊತ್ತಾಗುವುದಿಲ್ಲ.

ಉದಾಹರಣೆಗೆ ನನ್ನ ಗೆಳತಿಯೊಬ್ಬಳು ಇದನ್ನು ಹೇಗೆ ಮಾಡಿದಳು ಅಂತ ಜೊತೆಜೊತೆಗೇ ಹೇಳುತ್ತಾ ಹೋಗುತ್ತೇನೆ. ಅವಳು ಬೆಂಗಳೂರಿನ ಒಂದು ಖಾಸಗಿ ಕಂಪನಿಯಲ್ಲಿ ಅಕೌಂಟ್ಸ್ ನೋಡಿಕೊಳ್ಳುತ್ತಾಳೆ. ಮಗ ಏಳನೇ ಕ್ಲಾಸು. ಅಪ್ಪ ತುಮಕೂರಿನಲ್ಲಿ ಒಬ್ಬರೇ ಇದ್ದಾರೆ. ಅವಳ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ.

ಮೊದಲು ಮೌಲ್ಯಗಳನ್ನು ಹುಡುಕಿ, ಪಟ್ಟಿ ನೋಡಿ ಆರಿಸಬೇಡಿ

ಇಂಟರ್‌ನೆಟ್‌ನಲ್ಲಿ ನೂರಾರು ಮೌಲ್ಯಗಳ ಪಟ್ಟಿಗಳು ಸಿಗುತ್ತವೆ. ಅದರಿಂದ ಶುರು ಮಾಡಬೇಡಿ. ಪಟ್ಟಿಯಲ್ಲಿ ಇರುವುದೆಲ್ಲ ಒಳ್ಳೆಯ ಪದಗಳೇ ಆದ್ದರಿಂದ ನಮಗೆ ಹೇಗೆ ಕಾಣಿಸಿಕೊಳ್ಳಲು ಇಷ್ಟವೋ ಅದನ್ನು ಆರಿಸಿಬಿಡುತ್ತೇವೆ. ಅದರ ಬದಲು ಒಂದು ಹಾಳೆ ತೆಗೆದುಕೊಂಡು ಮೂರು ಪ್ರಶ್ನೆಗಳಿಗೆ ನಡೆದ ಘಟನೆಗಳನ್ನು ಬರೆಯಿರಿ. ಅಭಿಪ್ರಾಯ ಬೇಡ, ಘಟನೆ ಬೇಕು.

ಕಳೆದ ಒಂದು ವರ್ಷದಲ್ಲಿ ಯಾವ ಅನ್ಯಾಯ ಅಥವಾ ಅಡ್ಡಾದಿಡ್ಡಿತನ ಕಂಡು ನಿಮಗೆ ಮೈಯುರಿಯಿತು? ಯಾರೂ ಹೇಳದೆ, ಯಾರೂ ಕೇಳದೆ ನೀವಾಗಿಯೇ ದುಡ್ಡು ಅಥವಾ ಸಮಯ ಹಾಕಿದ್ದು ಯಾವುದಕ್ಕೆ? ಯಾವ ಕೆಲಸ ಮಾಡುವಾಗ ಹೊತ್ತು ಹೋಗಿದ್ದೇ ಗೊತ್ತಾಗಲಿಲ್ಲ? ಒಂದೊಂದಕ್ಕೆ ಎರಡೋ ಮೂರೋ ಘಟನೆ ಸಾಕು. ಆಮೇಲೆ ಪ್ರತಿ ಘಟನೆಯ ಪಕ್ಕದಲ್ಲಿ, ಅಲ್ಲಿ ನಿಮಗೆ ಮುಖ್ಯವಾಗಿದ್ದು ಏನು ಅಂತ ಒಂದೆರಡು ಪದ ಬರೆಯಿರಿ.

ನೆನಪು ನಮ್ಮ ಪರವಾಗಿಯೇ ಸಾಕ್ಷಿ ಹೇಳುವುದು ಜಾಸ್ತಿ. ಅದಕ್ಕೇ ಎರಡು ದಾಖಲೆಗಳನ್ನೂ ಎದುರಿಗೆ ಇಟ್ಟುಕೊಳ್ಳಿ. ಒಂದು, ಕಳೆದ ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್ ಅಥವಾ ಯುಪಿಐ ಹಿಸ್ಟರಿ. ಇನ್ನೊಂದು, ಫೋನಿನ ಸಮಯದ ಲೆಕ್ಕ. ಆಂಡ್ರಾಯ್ಡ್‌ನಲ್ಲಿ ಸೆಟ್ಟಿಂಗ್ಸ್ ಒಳಗೆ Digital Wellbeing ಅಂತ ಇರುತ್ತದೆ, ಐಫೋನ್‌ನಲ್ಲಿ Screen Time. ಇವುಗಳನ್ನು ನೋಡಿ ಬೇಜಾರು ಮಾಡಿಕೊಳ್ಳುವ ಅಗತ್ಯವಿಲ್ಲ. ಇವು ಹೇಳುವುದು ದುಡ್ಡು, ಹೊತ್ತು ಎಲ್ಲಿಗೆ ಹೋಯಿತು ಅನ್ನುವುದನ್ನು ಮಾತ್ರ. ಅದು ಮುಖ್ಯವಾಗಿತ್ತಾ, ಬರೀ ರೂಢಿಯಾ ಅಂತ ನೀವೇ ಹೇಳಬೇಕು.

ಗೆಳತಿಯ ಹಾಳೆಯಲ್ಲಿ ಕೊನೆಗೆ ಉಳಿದ ಪದಗಳು ಇವು: ಮನೆಯವರು, ಲೆಕ್ಕದ ಶುದ್ಧತೆ, ಕಲಿಕೆ, ಭದ್ರತೆ, ಹೆಸರು ಗಳಿಸುವುದು, ಆರೋಗ್ಯ. ಆರು. ಆರನ್ನೂ ಹೊತ್ತ ಧ್ಯೇಯವಾಕ್ಯ ಬರೆದರೆ ಯಾವ ಕಷ್ಟದ ಹೊತ್ತಿನಲ್ಲೂ ಅದು ದಾರಿ ತೋರಿಸುವುದಿಲ್ಲ. ಮೂರಕ್ಕೆ ಇಳಿಸಬೇಕು.

ಮೂರಕ್ಕೆ ಇಳಿಸುವುದು

"ಇದು ನಿಮಗೆ ಮುಖ್ಯವಾ?" ಅಂತ ಕೇಳಿದರೆ ಎಲ್ಲಕ್ಕೂ ಹೌದು ಅನ್ನುತ್ತೇವೆ. "ಇದಾ, ಅದಾ?" ಅಂತ ಕೇಳಿದಾಗ ಮಾತ್ರ ನಿಜ ಹೊರಬರುತ್ತದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಮಿಲ್ಟನ್ ರೋಕಿಚ್ 1973ರಲ್ಲಿ ಪ್ರಕಟಿಸಿದ ಮೌಲ್ಯಗಳ ಸಮೀಕ್ಷೆ ನಿಂತಿದ್ದೇ ಇದರ ಮೇಲೆ. ಹದಿನೆಂಟರಂತೆ ಎರಡು ಗುಂಪು ಮೌಲ್ಯಗಳನ್ನು ಕೊಟ್ಟು, ಅಂಕ ಹಾಕಿ ಅನ್ನದೆ, ಒಂದರ ಕೆಳಗೊಂದು ಜೋಡಿಸಿ ಅಂದರು. ಅಂಟಿಸಿ ಕಿತ್ತು ಜಾಗ ಬದಲಿಸಬಹುದಾದ ಚೀಟಿಗಳ ಮೇಲೆ ಪದಗಳನ್ನು ಅಚ್ಚು ಹಾಕಿದ್ದರು. ನೀವೂ ಹಾಗೇ ಮಾಡಿ. ಚಿಕ್ಕ ಚೀಟಿಗಳಲ್ಲಿ ಒಂದೊಂದು ಪದ ಬರೆದು ಎರಡೆರಡನ್ನೇ ಎದುರುಬದುರು ಇಡಿ.

ಬರೀ ಪದ ನೋಡಿ ಆರಿಸಿದರೆ ಸಾಲದು. ಪ್ರತಿ ಜೋಡಿಗೂ ಎರಡರಲ್ಲಿ ಒಂದನ್ನು ಬಿಡಲೇಬೇಕಾಗಿ ಬಂದ ಒಂದು ಸಂದರ್ಭ ನೆನಪಿಸಿಕೊಳ್ಳಿ. ಗೆಳತಿ "ಮನೆಯವರು" ಮತ್ತು "ಹೆಸರು ಗಳಿಸುವುದು" ಇಟ್ಟುಕೊಂಡಾಗ ನೆನಪಾಗಿದ್ದು ಹೈದರಾಬಾದಿನ ಬ್ರಾಂಚಿಗೆ ಆರು ತಿಂಗಳು ಹೋಗುವ ಅವಕಾಶವನ್ನು ಅವಳು ಬಿಟ್ಟಿದ್ದು. ಬಿಟ್ಟಿದ್ದಕ್ಕೆ ಬೇಸರ ಇತ್ತು, ಆದರೆ ಇವತ್ತು ಕೇಳಿದರೂ ಬಿಡುತ್ತೇನೆ ಅಂದಳು. ಅಲ್ಲಿಗೆ ಆ ಜೋಡಿ ತೀರ್ಮಾನವಾಯಿತು.

ಕೆಲವು ಜೋಡಿಗಳಲ್ಲಿ ಜಾಸ್ತಿ ಎಳೆದಾಟ ಆಗುವುದಕ್ಕೆ ಕಾರಣ ಇದೆ. ಶಲೋಮ್ ಶ್ವಾರ್ಟ್ಸ್ ಅನ್ನುವ ಸಂಶೋಧಕರು 1992ರಲ್ಲಿ ಮಂಡಿಸಿದ ಸಿದ್ಧಾಂತದಲ್ಲಿ ಮೌಲ್ಯಗಳನ್ನು ಒಂದು ವೃತ್ತದಲ್ಲಿ ಜೋಡಿಸಿದ್ದಾರೆ. ಅಕ್ಕಪಕ್ಕದವು ಒಂದಕ್ಕೊಂದು ಹೊಂದುತ್ತವೆ, ಎದುರುಬದುರು ಇರುವವು ಒಂದನ್ನೊಂದು ಎಳೆಯುತ್ತವೆ. ತನ್ನ ಸಾಧನೆ, ಅಧಿಕಾರ ಒಂದು ಕಡೆಯಾದರೆ ಇತರರ ಒಳಿತು ಎದುರು ಕಡೆ. ಹೊಸತನ, ಸ್ವಾತಂತ್ರ್ಯ ಒಂದು ಕಡೆಯಾದರೆ ಭದ್ರತೆ, ಸಂಪ್ರದಾಯ ಎದುರು ಕಡೆ. ನಿಮ್ಮ ಮೂರರಲ್ಲಿ ಎದುರುಬದುರಿನ ಎರಡು ಬಂದಿದ್ದರೆ ಅದೇನೂ ತಪ್ಪಲ್ಲ. ಆದರೆ ಎರಡೂ ಒಟ್ಟಿಗೆ ಬಂದಾಗ ಯಾವುದು ಮುಂದೆ ಅಂತ ವಾಕ್ಯದಲ್ಲೇ ಹೇಳಬೇಕಾಗುತ್ತದೆ.

ಗೆಳತಿ ಉಳಿಸಿಕೊಂಡಿದ್ದು ಮನೆಯವರು, ಲೆಕ್ಕದ ಶುದ್ಧತೆ, ಕಲಿಕೆ.

ಪದವನ್ನು ಕೆಲಸವಾಗಿ ಬದಲಿಸಿ

ಹೆಚ್ಚಿನವರು ಎಡವುವುದು ಇಲ್ಲೇ, ಹಾಗಾಗಿ ಸ್ವಲ್ಪ ನಿಧಾನವಾಗಿ ಹೋಗೋಣ.

"ಮನೆಯವರು" ಅನ್ನುವುದು ಒಂದು ಹೆಸರು ಅಷ್ಟೇ. ಅದರಿಂದ ನೀವು ಏನು ಮಾಡುತ್ತೀರಿ ಅಂತ ಗೊತ್ತಾಗುವುದಿಲ್ಲ. ಪ್ರತಿ ಮೌಲ್ಯಕ್ಕೂ ನಾಲ್ಕು ಪ್ರಶ್ನೆ ಕೇಳಿ: ಯಾರಿಗೆ, ಯಾವಾಗ, ಏನು ಮಾಡುತ್ತೇನೆ, ಅದಕ್ಕಾಗಿ ಏನನ್ನು ಬಿಡಲು ತಯಾರಿದ್ದೇನೆ? ಕೊನೆಯ ಪ್ರಶ್ನೆಯನ್ನು ಮಾತ್ರ ಹಾರಿಸಲೇಬೇಡಿ. ಏನನ್ನೂ ಬಿಡಬೇಕಾಗಿಲ್ಲದ ಮೌಲ್ಯ ಇನ್ನೂ ಪರೀಕ್ಷೆಗೆ ಸಿಕ್ಕಿಲ್ಲ ಅಂತಲೇ ಅರ್ಥ.

ಇಲ್ಲಿ ಮೂರು ಥರದ ತಪ್ಪು ಬರುತ್ತದೆ. ಒಂದು, ಗುರಿಯನ್ನು ಮೌಲ್ಯ ಅಂದುಕೊಳ್ಳುವುದು. ಮನೆ ಕಟ್ಟಿಸುವುದು, ಹತ್ತು ಕೆಜಿ ಇಳಿಸುವುದು ಗುರಿಗಳು. ಒಂದು ದಿನ ಮುಗಿಯುತ್ತವೆ, ಪಟ್ಟಿಯಿಂದ ಹೊಡೆದುಹಾಕಬಹುದು. ಮಗನ ಜೊತೆ ಸರಿಯಾಗಿ ಇರುವುದು ಮುಗಿಯುವಂಥದ್ದಲ್ಲ. ಗುರಿಗಳಿಗೆ ಬೇರೆ ಹಾಳೆ ಇರಲಿ.

ಎರಡು, ಭಾವನೆಯನ್ನು ಬರೆಯುವುದು. "ನೆಮ್ಮದಿಯಿಂದ ಇರುತ್ತೇನೆ", "ಖುಷಿಯಾಗಿರುತ್ತೇನೆ" ಅಂದರೆ ಅದು ನಿಮ್ಮ ಕೈಯಲ್ಲಿಲ್ಲದ ವಿಷಯ. ಅಪ್ಪನಿಗೆ ಹುಷಾರಿಲ್ಲದ ರಾತ್ರಿ ನೆಮ್ಮದಿ ಇರುವುದಿಲ್ಲ, ಆದರೂ ನೀವು ಆ ರಾತ್ರಿ ನಿಮ್ಮ ಮೌಲ್ಯದಂತೆಯೇ ನಡೆದಿರಬಹುದು.

ಮೂರು, ಬರೀ "ಮಾಡುವುದಿಲ್ಲ" ಅಂತ ಬರೆಯುವುದು. ವರ್ತನೆಯ ಅಧ್ಯಯನ ಮಾಡುವವರಲ್ಲಿ ಆಗ್ಡನ್ ಲಿಂಡ್ಸ್‌ಲಿ ಕೊಟ್ಟ ಒಂದು ಪರೀಕ್ಷೆ ಪ್ರಸಿದ್ಧವಾಗಿದೆ. ಸತ್ತವನೂ ಮಾಡಬಲ್ಲ ಸಂಗತಿಯಾದರೆ ಅದು ವರ್ತನೆಯೇ ಅಲ್ಲ ಅನ್ನುತ್ತದೆ ಅದು. "ಮಗನ ಮೇಲೆ ರೇಗುವುದಿಲ್ಲ", "ಸುಳ್ಳು ಹೇಳುವುದಿಲ್ಲ" ಎರಡನ್ನೂ ಸತ್ತವರು ಚೆನ್ನಾಗಿಯೇ ಮಾಡುತ್ತಾರೆ. ಹಾಗಾಗಿ ರೇಗುವ ಬದಲು ಏನು ಮಾಡುತ್ತೇನೆ ಅಂತ ಬರೆಯಬೇಕು. "ಮಾಡುವುದಿಲ್ಲ" ಅನ್ನುವುದು ಒಂದು ಖಚಿತವಾದ ಕೆಲಸದ ಗಡಿ ಹೇಳುತ್ತಿದ್ದರೆ ಮಾತ್ರ ಇರಲಿ, ಅದೂ ಒಂದೇ ಒಂದು.

ವಾಕ್ಯ ಬರೆಯುವುದು

ಗೆಳತಿಯ ಮೊದಲ ಕರಡು ಹೀಗಿತ್ತು: "ಕುಟುಂಬ, ಪ್ರಾಮಾಣಿಕತೆ ಮತ್ತು ಕಲಿಕೆಗೆ ಬದ್ಧಳಾಗಿ ಸಾರ್ಥಕ ಜೀವನ ನಡೆಸುತ್ತೇನೆ."

ಇದಕ್ಕೆ ಎರಡು ಪರೀಕ್ಷೆ ಹಾಕಿದೆವು. ಮೊದಲನೆಯದು, ಇದರ ವಿರುದ್ಧವನ್ನು ಯಾರಾದರೂ ಮರ್ಯಾದಸ್ಥರು ಹೇಳಿಕೊಳ್ಳುತ್ತಾರಾ? "ನಾನು ಅಪ್ರಾಮಾಣಿಕಳಾಗಿ ಬದುಕುತ್ತೇನೆ" ಅಂತ ಯಾರೂ ಹೇಳುವುದಿಲ್ಲ. ಅಂದರೆ ಈ ವಾಕ್ಯ ಅವಳ ಬಗ್ಗೆ ಏನೂ ಹೇಳುತ್ತಿಲ್ಲ, ಯಾರ ಡೈರಿಗಾದರೂ ಹೊಂದುತ್ತದೆ. ಎರಡನೆಯದು, ಈ ವಾಕ್ಯ ಓದಿ ಅವಳು ಯಾವುದಕ್ಕೆ "ಬೇಡ" ಅನ್ನಬೇಕಾಗುತ್ತದೆ? ಯಾವುದಕ್ಕೂ ಇಲ್ಲ.

ಮೂರು ಸಲ ತಿದ್ದಿದ ಮೇಲೆ ಹೀಗಾಯಿತು:

"ಸಂಜೆ ಮನೆಗೆ ಬಂದ ಮೇಲೆ ಮಗನಿಗೂ ಅಪ್ಪನಿಗೂ ಪೂರ್ತಿಯಾಗಿ ಸಿಗುತ್ತೇನೆ, ಆಫೀಸಿನಲ್ಲಿ ಬೇರೆಯವರು ನನಗಿಂತ ಮುಂದೆ ಹೋದರೂ ಪರವಾಗಿಲ್ಲ. ದಾಖಲೆ ಇಲ್ಲದ ಲೆಕ್ಕಕ್ಕೆ ಸಹಿ ಹಾಕುವುದಿಲ್ಲ, ಕೆಲಸ ತಡವಾದರೂ ಪರವಾಗಿಲ್ಲ. ವಾರಕ್ಕೆ ಎರಡು ದಿನ ಹೊಸದೇನಾದರೂ ಕಲಿಯುತ್ತೇನೆ, ಟಿವಿ ಬಿಟ್ಟಾದರೂ ಸರಿ."

ಚೆಂದದ ವಾಕ್ಯ ಅಲ್ಲ, ಗೋಡೆಗೆ ಫ್ರೇಮ್ ಹಾಕಿಸುವಂಥದ್ದೂ ಅಲ್ಲ. "ಪೂರ್ತಿಯಾಗಿ ಸಿಗುತ್ತೇನೆ" ಅನ್ನುವುದು ಇನ್ನೂ ಸ್ವಲ್ಪ ಸಡಿಲ, ಅದಕ್ಕೇ ಪಕ್ಕದಲ್ಲೇ ಅದರ ಅರ್ಥ ಬರೆದುಕೊಂಡಳು: ಎಂಟರಿಂದ ಒಂಬತ್ತೂವರೆವರೆಗೆ ಫೋನ್ ಅಡುಗೆಮನೆಯ ಶೆಲ್ಫಿನ ಮೇಲೆ, ಅಪ್ಪನ ಕಾಲ್ ಬಂದಾಗ ಬಿಟ್ಟು. ಈಗ ಯಾವುದೇ ದಿನ ಅದನ್ನು ಮುರಿದರೆ ಮುರಿದಿದ್ದು ಗೊತ್ತಾಗುತ್ತದೆ.

ಇದನ್ನು ಇನ್ನೂ ಯಾರಿಗೂ ಸಾರಬೇಡಿ, ಸ್ಟೇಟಸ್ಸಿಗೂ ಹಾಕಬೇಡಿ. ನಾಲ್ಕು ಜನ ಭೇಷ್ ಅಂದ ಮೇಲೆ ತಿದ್ದಲು ಮನಸ್ಸು ಬರುವುದಿಲ್ಲ. ನಿಮ್ಮನ್ನು ದಿನಾ ನೋಡುವ ಒಬ್ಬರಿಗೆ ಮಾತ್ರ ತೋರಿಸಿ. ಹದಿನೆಂಟನೇ ಶತಮಾನದ ಅಮೆರಿಕದ ರಾಜಕಾರಣಿ, ಮುದ್ರಣಾಲಯದ ಯಜಮಾನನೂ ಆಗಿದ್ದ ಬೆಂಜಮಿನ್ ಫ್ರಾಂಕ್ಲಿನ್ ತನಗೆ ಬೇಕಾದ ಗುಣಗಳ ಪಟ್ಟಿ ಮಾಡಿಕೊಂಡಾಗ ಮೊದಲು ಅದರಲ್ಲಿ ಹನ್ನೆರಡೇ ಇದ್ದವು. ಜನ ನಿನ್ನನ್ನು ಅಹಂಕಾರಿ ಅಂದುಕೊಂಡಿದ್ದಾರೆ ಅಂತ ಕ್ವೇಕರ್ ಅನ್ನುವ ಕ್ರೈಸ್ತ ಪಂಥದ ಗೆಳೆಯನೊಬ್ಬ ಉದಾಹರಣೆ ಸಮೇತ ಹೇಳಿದ ಮೇಲೆ ಹದಿಮೂರನೆಯದಾಗಿ ವಿನಯ ಸೇರಿತು ಅಂತ ಅವನೇ ಆತ್ಮಕಥೆಯಲ್ಲಿ ಬರೆದಿದ್ದಾನೆ. ನಮಗೆ ಕಾಣದ್ದು ಪಕ್ಕದವರಿಗೆ ಕಾಣುತ್ತದೆ.

ಎರಡು ವಾರದ ಪರೀಕ್ಷೆ

ಈಗ ಒಂದು ಚಿಕ್ಕ ನೋಟ್‌ಬುಕ್ ಇಟ್ಟುಕೊಳ್ಳಿ. ದಿನವಿಡೀ ನಡೆದದ್ದನ್ನು ಬರೆಯುವುದು ಬೇಡ. ಬರೆಯಬೇಕಾದ್ದು ಎರಡು ದಾರಿ ಎದುರಿಗಿದ್ದ ಕ್ಷಣಗಳನ್ನು ಮಾತ್ರ. ಒಂದನ್ನು ಹಿಡಿದರೆ ಇನ್ನೊಂದನ್ನು ಬಿಡಲೇಬೇಕಿದ್ದ ಕ್ಷಣ. ದಿನಕ್ಕೆ ಇಂಥವು ಒಂದೋ ಎರಡೋ ಬರುತ್ತವೆ, ಕೆಲವು ದಿನ ಬರುವುದೇ ಇಲ್ಲ. ಹಲ್ಲುಜ್ಜಿದ್ದು, ಬಸ್ ಹಿಡಿದದ್ದು ಆಯ್ಕೆಗಳಲ್ಲ.

ಒಂದೊಂದು ಸಾಲಿನಲ್ಲಿ ನಾಲ್ಕು ಸಂಗತಿ ಇರಲಿ: ಏನು ಎದುರಾಯಿತು, ನಾನು ಏನು ಮಾಡಿದೆ, ಏನು ಬಿಟ್ಟೆ, ಆ ಕ್ಷಣ ನನಗೆ ನಾನೇ ಹೇಳಿಕೊಂಡ ಕಾರಣ ಏನು. ಕೊನೆಯದನ್ನು ಆ ಕ್ಷಣ ತಲೆಯಲ್ಲಿ ಓಡಿದ ಮಾತಿನಲ್ಲೇ ಬರೆಯಿರಿ, ಚೆಂದ ಮಾಡಬೇಡಿ. ಅದೇ ರಾತ್ರಿ ಬರೆಯಿರಿ. ಮೂರು ದಿನ ಬಿಟ್ಟು ಬರೆದರೆ ನಾವು ಮಾಡಿದ್ದೆಲ್ಲಕ್ಕೂ ಒಳ್ಳೆಯ ಕಾರಣ ಹುಟ್ಟಿಕೊಂಡಿರುತ್ತದೆ. ಮತ್ತೆ, ಬರೆಯುವಾಗಲೇ ಸರಿ, ತಪ್ಪು ಅಂತ ಗುರುತು ಹಾಕಬೇಡಿ. ಗುರುತು ಹಾಕುವ ಆಸೆಗೆ ಬಿದ್ದರೆ ಸೋತ ಸಾಲುಗಳನ್ನು ಬರೆಯುವುದೇ ನಿಂತುಹೋಗುತ್ತದೆ.

ಎರಡು ವಾರ ಯಾಕೆ ಅಂದರೆ, ಎರಡು ಭಾನುವಾರ ಸಿಗುತ್ತವೆ. ಸಾಧ್ಯವಾದರೆ ಆ ಎರಡು ವಾರದಲ್ಲಿ ನಿಮ್ಮ ಕೆಲಸದ ಒತ್ತಡದ ದಿನಗಳೂ ಬರುವಂತೆ ನೋಡಿಕೊಳ್ಳಿ. ಗೆಳತಿ ತಿಂಗಳ ಕೊನೆಯ ವಾರ ಮತ್ತು ಮುಂದಿನ ತಿಂಗಳ ಮೊದಲ ವಾರ ಆರಿಸಿಕೊಂಡಳು, ಯಾಕೆಂದರೆ ಅಕೌಂಟ್ಸ್‌ನವರಿಗೆ ತಿಂಗಳ ಲೆಕ್ಕ ಮುಗಿಸುವ ಆ ದಿನಗಳೇ ಕಷ್ಟದವು. ಆರಾಮಾಗಿರುವ ವಾರದಲ್ಲಿ ಪರೀಕ್ಷೆ ಮಾಡಿದರೆ ಎಲ್ಲರೂ ಪಾಸ್.

ಅವಳ ನೋಟ್‌ಬುಕ್‌ನ ಒಂದೆರಡು ಸಾಲು ಹೀಗಿದ್ದವು:

"ಬುಧವಾರ. ಚಲನ್ ಇಲ್ಲದ ಬಿಲ್ ಬಂತು. ತಡೆದು ಇಟ್ಟೆ. ಸಪ್ಲೈಯರ್‌ಗೆ ಆ ದಿನ ಪೇಮೆಂಟ್ ಹೋಗಲಿಲ್ಲ. ಕಾರಣ: ಮಾಲು ಬಂದಿದ್ದಕ್ಕೆ ಗುರುತೇ ಇಲ್ಲ."

"ಶುಕ್ರವಾರ. ಮತ್ತೆ ಅದೇ ಥರ ಇನ್ನೊಂದು ಬಿಲ್. ಸಹಿ ಹಾಕಿದೆ. ಕಾರಣ: ಮ್ಯಾನೇಜರ್ ಎದುರಿಗೇ ನಿಂತು 'ಮೇಡಂ, ಪೇಪರ್ ನಾಳೆ ಬರುತ್ತೆ, ಕಳಿಸಿಬಿಡಿ' ಅಂದರು. ಇಲ್ಲ ಅನ್ನಲು ಬಾಯಿ ಬರಲಿಲ್ಲ."

"ಸೋಮವಾರ. ಒಂಬತ್ತು ಗಂಟೆ, ಮಗ ಗಣಿತದ ಲೆಕ್ಕ ಹಿಡಿದು ಕೂತಿದ್ದ, ಆಫೀಸ್ ಗ್ರೂಪ್‌ನಲ್ಲಿ ಮೆಸೇಜ್ ಮೇಲೆ ಮೆಸೇಜ್. ಲ್ಯಾಪ್‌ಟಾಪ್ ತೆಗೆದೆ. ಕಾರಣ: ಇವತ್ತು ಕ್ಲೋಸಿಂಗ್, ಆಗಲೇಬೇಕು."

ನೋಟ್‌ಬುಕ್ ಓದುವುದು

ಎರಡು ವಾರ ಆದ ಮೇಲೆ ಒಂದು ಸಂಜೆ ಕೂತು ಪ್ರತಿ ಸಾಲಿಗೂ ಗುರುತು ಹಾಕಿ. ವಾಕ್ಯದಂತೆ ನಡೆದಿದ್ದರೆ ಸರಿ ಗುರುತು, ನಡೆಯದಿದ್ದರೆ ಅಡ್ಡ ಗೆರೆ, ವಾಕ್ಯಕ್ಕೆ ಸಂಬಂಧವೇ ಇಲ್ಲದ ಆಯ್ಕೆಯಾದರೆ ಸೊನ್ನೆ.

ಎಲ್ಲವೂ ಸರಿ ಗುರುತೇ ಆಗಿದ್ದರೆ ಅನುಮಾನ ಪಡಿ. ವಾಕ್ಯ ಸಡಿಲವಾಗಿದೆ, ಇಲ್ಲವೇ ಗೆದ್ದ ಸಾಲುಗಳನ್ನು ಮಾತ್ರ ಬರೆದಿದ್ದೀರಿ. ಅರ್ಧಕ್ಕಿಂತ ಜಾಸ್ತಿ ಸೊನ್ನೆ ಇದ್ದರೆ, ನಿಮ್ಮ ಬದುಕು ಒಂದು ಕಡೆ, ವಾಕ್ಯ ಇನ್ನೊಂದು ಕಡೆ ನಡೆಯುತ್ತಿದೆ. ಆಗ ಸೊನ್ನೆ ಹಾಕಿದ ಸಾಲುಗಳನ್ನೇ ಒಟ್ಟಿಗೆ ಓದಿ, ಅಲ್ಲಿ ಬೇರೆ ಯಾವುದೋ ಮೌಲ್ಯ ಕೆಲಸ ಮಾಡುತ್ತಿರಬಹುದು.

ಅಡ್ಡ ಗೆರೆಗಳೇ ಮುಖ್ಯ. "ನನಗೆ ಮನಸ್ಸು ಗಟ್ಟಿಯಿಲ್ಲ" ಅಂತ ಎಲ್ಲಕ್ಕೂ ಒಂದೇ ಕಾರಣ ಬರೆದು ಮುಗಿಸಬೇಡಿ. ಅಡ್ಡ ಗೆರೆಯ ಹಿಂದೆ ಮೂರು ಬೇರೆ ಬೇರೆ ಕಾರಣ ಇರುತ್ತವೆ, ಮೂರಕ್ಕೂ ಮದ್ದು ಬೇರೆ.

ಒಂದು, ಮೌಲ್ಯ ನಿಮ್ಮದೇ, ಆದರೆ ಆ ಕ್ಷಣದಲ್ಲಿ ಕೈ ತಪ್ಪುತ್ತದೆ. ಶುಕ್ರವಾರದ ಬಿಲ್ ಇಂಥದ್ದು. ಗುರುತು ಏನೆಂದರೆ, ಸಹಿ ಹಾಕಿದ ಮೇಲೆ ಅವಳಿಗೆ ರಾತ್ರಿವರೆಗೂ ಕಸಿವಿಸಿ ಇತ್ತು. ಇದಕ್ಕೆ ಮೊದಲೇ ಮಾಡಿಟ್ಟ "ಹೀಗಾದರೆ ಹೀಗೆ" ಅನ್ನುವ ಯೋಜನೆ ಕೆಲಸ ಮಾಡುತ್ತದೆ. ಮನಶ್ಶಾಸ್ತ್ರಜ್ಞ ಪೀಟರ್ ಗಾಲ್ವಿಟ್ಜರ್ ಇದರ ಮೇಲೆ ವರ್ಷಗಟ್ಟಲೆ ಸಂಶೋಧನೆ ಮಾಡಿದ್ದಾರೆ. ಸುಮ್ನೆ "ಮಾಡುತ್ತೇನೆ" ಅಂದುಕೊಳ್ಳುವುದಕ್ಕಿಂತ, ಯಾವ ಸನ್ನಿವೇಶ ಬಂದಾಗ ಯಾವ ಕೆಲಸ ಅಂತ ಮೊದಲೇ ಗಂಟು ಹಾಕಿಟ್ಟರೆ ನಡೆಯುವ ಸಾಧ್ಯತೆ ಹೆಚ್ಚು. ಗೆಳತಿ ಬರೆದುಕೊಂಡಿದ್ದು: "ಚಲನ್ ಇಲ್ಲದ ಬಿಲ್ ಟೇಬಲ್ಲಿಗೆ ಬಂದರೆ, ಬೇರೇನೂ ಮಾಡುವ ಮೊದಲು ಸ್ಟೋರ್ಸ್‌ಗೆ ಮೇಲ್ ಹಾಕಿ ಮ್ಯಾನೇಜರ್‌ಗೂ ಕಾಪಿ ಕಳಿಸುತ್ತೇನೆ." ಮೇಲ್ ಹೋದ ಮೇಲೆ ಎದುರಿಗೆ ನಿಂತು ಇಲ್ಲ ಅನ್ನುವ ಪ್ರಸಂಗವೇ ಬರುವುದಿಲ್ಲ, "ಸರ್, ಸ್ಟೋರ್ಸ್‌ನಿಂದ ಉತ್ತರ ಬಂದ ತಕ್ಷಣ ಹಾಕ್ತೀನಿ" ಅಂದರೆ ಸಾಕು.

ಎರಡು, ಮೌಲ್ಯ ನಿಮ್ಮದೇ, ಮನಸ್ಸೂ ಇದೆ, ಆದರೆ ಪರಿಸ್ಥಿತಿ ಬಿಡುವುದಿಲ್ಲ. ಇದಕ್ಕೂ ಫ್ರಾಂಕ್ಲಿನ್‌ನ ಅನುಭವ ಚೆನ್ನಾಗಿ ಹೊಂದುತ್ತದೆ. ಅವನು ವಾರಕ್ಕೊಂದು ಗುಣದ ಮೇಲೆ ವಿಶೇಷ ಗಮನ ಇಟ್ಟು, ತಪ್ಪಿದಾಗ ಚಿಕ್ಕ ಪುಸ್ತಕದಲ್ಲಿ ಕಪ್ಪು ಚುಕ್ಕಿ ಹಾಕುತ್ತಿದ್ದ. ಹದಿಮೂರು ವಾರಕ್ಕೆ ಒಂದು ಸುತ್ತು. ಹಳೆಯ ಚುಕ್ಕಿ ಕೆರೆದು ಕೆರೆದು ಹಾಳೆ ತೂತುಬಿದ್ದು, ಕೊನೆಗೆ ಒರೆಸಬಹುದಾದ ದಂತದ ಹಾಳೆಗಳನ್ನು ಬಳಸಿದ. ಅವನಿಗೆ ಎಲ್ಲಕ್ಕಿಂತ ಕಾಡಿದ್ದು ಅಚ್ಚುಕಟ್ಟುತನ. ಪ್ರತಿ ಕೆಲಸಕ್ಕೂ ಹೊತ್ತು ಗೊತ್ತುಮಾಡಿಕೊಳ್ಳುವುದು ಮುದ್ರಣಾಲಯದಲ್ಲಿ ಕೂಲಿಗೆ ದುಡಿಯುವವನಿಗೆ ಆದೀತು, ಆದರೆ ಗಿರಾಕಿಗಳು ಅವರಿಗೆ ಬೇಕಾದ ಹೊತ್ತಿಗೆ ಬರುವಾಗ ಯಜಮಾನನಿಗೆ ಆಗುವುದಿಲ್ಲ ಅಂತ ಅವನು ಕಂಡುಕೊಂಡ.

ಗೆಳತಿಯ ಸೋಮವಾರದ ಸಾಲೂ ಹೀಗೇ. ಅವಳ ಸಂಜೆಯ ಅಡ್ಡ ಗೆರೆಗಳಲ್ಲಿ ಹೆಚ್ಚಿನವು ತಿಂಗಳ ಕ್ಲೋಸಿಂಗ್ ದಿನಗಳಲ್ಲೇ ಬಿದ್ದಿದ್ದವು. ಅಂದರೆ ತಪ್ಪು ಹರಡಿಕೊಂಡಿಲ್ಲ, ಒಂದೇ ಕಡೆ ಗುಂಪಾಗಿದೆ. ಹೀಗೆ ಗುಂಪಾಗಿ ಬಿದ್ದಿದ್ದರೆ ಪರಿಸ್ಥಿತಿಯ ಕಡೆ ನೋಡಿ. ಅವಳು ವಾಕ್ಯಕ್ಕೆ ಒಂದು ವಿನಾಯಿತಿ ಸೇರಿಸಿದಳು: ಕ್ಲೋಸಿಂಗ್ ದಿನಗಳಲ್ಲಿ ಅಪ್ಪನಿಗೆ ಮಧ್ಯಾಹ್ನ ಊಟದ ಹೊತ್ತಿಗೇ ಫೋನ್ ಮಾಡುವುದು, ಮಗನಿಗೆ ಹಿಂದಿನ ದಿನವೇ ಹೇಳಿ ಲೆಕ್ಕವನ್ನು ಬೆಳಿಗ್ಗೆ ನೋಡುವುದು. ವಿನಾಯಿತಿಗೆ ದಿನ ಮತ್ತು ಮಿತಿ ಇರಬೇಕು. "ಕೆಲಸ ಜಾಸ್ತಿ ಇದ್ದಾಗ" ಅಂತ ಬರೆದರೆ ವರ್ಷವಿಡೀ ವಿನಾಯಿತಿಯೇ.

ಮೂರನೆಯ ಕಾರಣ ಒಪ್ಪಿಕೊಳ್ಳಲು ಕಷ್ಟ. ಮೌಲ್ಯ ನಿಮ್ಮದೇ ಅಲ್ಲ, ಎರವಲು ತಂದದ್ದು. ಗೆಳತಿಯ "ಕಲಿಕೆ" ಹೀಗಾಯಿತು. ದುಡ್ಡು ಕಟ್ಟಿದ್ದ ಆನ್‌ಲೈನ್ ಕೋರ್ಸನ್ನು ಎರಡು ವಾರದಲ್ಲಿ ಅವಳು ತೆರೆಯಲೇ ಇಲ್ಲ, ತೆರೆಯದ್ದಕ್ಕೆ ಕಸಿವಿಸಿಯೂ ಆಗಲಿಲ್ಲ, ಬಿಡುವಿದ್ದ ಸಂಜೆಗಳಲ್ಲೂ ನೆನಪಾಗಲಿಲ್ಲ. ಆಫೀಸಿನಲ್ಲಿ ಎಲ್ಲರೂ ಒಂದಲ್ಲ ಒಂದು ಕೋರ್ಸ್ ಮಾಡುತ್ತಿದ್ದರು, ಹಾಗಾಗಿ ಪಟ್ಟಿಗೆ ಬಂದಿತ್ತು. ಬಿಡುವು ಇದ್ದರೂ ಮಾಡಲಿಲ್ಲ, ಮಾಡದ್ದಕ್ಕೆ ಏನೂ ಅನಿಸಲಿಲ್ಲ ಅಂದರೆ ಅದನ್ನು ತೆಗೆದುಬಿಡಿ. ಆದರೆ ತೆಗೆಯುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ: ಇದನ್ನು ಬಿಟ್ಟರೆ ನನಗೆ ಹಗುರ ಅನಿಸುತ್ತದಾ, ಖಾಲಿ ಅನಿಸುತ್ತದಾ? ಖಾಲಿ ಅನಿಸಿದರೆ ನೀವು ಸುಸ್ತಾಗಿದ್ದೀರಿ ಅಷ್ಟೇ, ಮೌಲ್ಯ ಇದೆ. ಒಂದು ತಿಂಗಳು ಬಿಟ್ಟು ಮತ್ತೆ ನೋಡಿ. ಗೆಳತಿಗೆ ಹಗುರ ಅನಿಸಿತು.

ಅವಳ ಸೊನ್ನೆಗಳಲ್ಲಿ ಒಂದು ಸಂಗತಿ ಸಿಕ್ಕಿತು. ಒಂದು ಭಾನುವಾರ ಬೆಳಿಗ್ಗೆ ಅಪಾರ್ಟ್‌ಮೆಂಟಿನ ಹಿರಿಯರೊಬ್ಬರು ಎಫ್‌ಡಿ ಬಡ್ಡಿಯಲ್ಲಿ ಟಿಡಿಎಸ್ ಹಿಡಿದಿದ್ದಾರೆ ಅಂತ ಪಾಸ್‌ಬುಕ್ ಹಿಡಿದುಕೊಂಡು ಬಂದಿದ್ದರು. ಅವರಿಗೆ ಕೂರಿಸಿ ವಿವರಿಸಿ 15ಎಚ್ ಫಾರಂ ತುಂಬಿಸಿಕೊಡುವಷ್ಟರಲ್ಲಿ ಇನ್ನೂ ಇಬ್ಬರು ಬಂದರು, ಮಧ್ಯಾಹ್ನ ಆಗಿದ್ದೇ ತಿಳಿಯಲಿಲ್ಲ, ಮಾಲ್‌ಗೆ ಹೋಗುವುದು ತಪ್ಪಿಹೋಯಿತು, ಬೇಜಾರೂ ಆಗಲಿಲ್ಲ. ಇದೇ ಥರದ ಇನ್ನೊಂದು ಸಾಲು ಆಫೀಸಿನ ಡ್ರೈವರ್ ಒಬ್ಬರ ಪಿಎಫ್ ವಿಷಯದಲ್ಲೂ ಇತ್ತು. ಮೊದಲ ಹಾಳೆಯಲ್ಲಿ ಇದು ಎಲ್ಲೂ ಬಂದಿರಲಿಲ್ಲ, ಯಾಕೆಂದರೆ ಇದನ್ನು ಅವಳು ಮೌಲ್ಯ ಅಂತ ಎಣಿಸಿಯೇ ಇರಲಿಲ್ಲ. ಕಲಿಕೆಯ ಜಾಗಕ್ಕೆ ಇದು ಬಂತು: "ಲೆಕ್ಕಪತ್ರ ಅರ್ಥವಾಗದವರು ಕೇಳಿಕೊಂಡು ಬಂದರೆ ಕೂತು ವಿವರಿಸುತ್ತೇನೆ, ಭಾನುವಾರದ ಅರ್ಧ ದಿನ ಹೋದರೂ ಸರಿ." ಅರ್ಧ ದಿನ ಅಂತ ಮಿತಿ ಹಾಕಿದ್ದು ಮಗನ ಸಂಗತಿಯನ್ನು ನೆನಪಿಟ್ಟುಕೊಂಡು.

ಮತ್ತೆ ಯಾವಾಗ

ತಿದ್ದಿದ ವಾಕ್ಯಕ್ಕೆ ಇನ್ನೊಮ್ಮೆ ಎರಡು ವಾರದ ಪರೀಕ್ಷೆ ಕೊಡಿ. ಆಮೇಲೆ ದಿನಾ ಬರೆಯುವ ಅಗತ್ಯವಿಲ್ಲ. ಮೂರು ತಿಂಗಳಿಗೊಮ್ಮೆ ಒಂದು ವಾರ ಬರೆದರೆ ಸಾಕು. ಕೆಲಸ ಬದಲಾದಾಗ, ಮಗು ಹುಟ್ಟಿದಾಗ, ಮನೆಯಲ್ಲಿ ಯಾರಾದರೂ ಹಾಸಿಗೆ ಹಿಡಿದಾಗ ಮಾತ್ರ ಅಷ್ಟು ದಿನ ಕಾಯಬೇಡಿ, ಆಗ ಹಳೆಯ ವಾಕ್ಯದ ಸಮಯಗಳು, ಮಿತಿಗಳು ಎಲ್ಲ ತಪ್ಪಾಗಿರುತ್ತವೆ.

ಸೋತ ರಾತ್ರಿಯೇ ವಾಕ್ಯ ತಿದ್ದಲು ಕೂರಬೇಡಿ. ಆ ಹೊತ್ತಿನಲ್ಲಿ ತಿದ್ದಿದರೆ ನಾವು ಮಾಡಿದ್ದಕ್ಕೆ ಹೊಂದುವಂತೆ ವಾಕ್ಯವನ್ನು ಇಳಿಸಿಬಿಡುತ್ತೇವೆ. ಒಂದು ವಾರ ಬಿಟ್ಟು, ಸಾಲುಗಳನ್ನು ಎದುರಿಗಿಟ್ಟುಕೊಂಡು ತಿದ್ದಿ. ಹಳೆಯ ವಾಕ್ಯವನ್ನು ಅಳಿಸದೆ, ತಾರೀಖು ಹಾಕಿ, ಅದರ ಕೆಳಗೇ ಹೊಸದನ್ನು ಬರೆಯಿರಿ, ಏನು ಬದಲಾಯಿತು, ಯಾವ ಸಾಲು ನೋಡಿ ಬದಲಾಯಿಸಿದೆ ಅಂತ ಪಕ್ಕದಲ್ಲಿ ಒಂದು ಗೆರೆ ಇರಲಿ.